ಸರ್ವರ್ ‘ಸ್ವಲ್ಪ ತಡಿ’ ಎಂದಾಗ

ಹಳೆಯ ಕನ್ನಡ ಪುಸ್ತಕವೊಂದು ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ನೀವು ಅದನ್ನು ಸ್ಕ್ಯಾನ್ ಮಾಡಿ, ಒಸಿಆರ್ ತಂತ್ರಾಂಶದಿಂದ ಅಕ್ಷರಗಳನ್ನು ತೆಗೆಸಿ, ಎದ್ದು ಕಾಣುವ ತಪ್ಪುಗಳನ್ನು ಒಂದು ಸುತ್ತು ತಿದ್ದಿದ್ದೀರಿ. ಈಗ ಕಂಪ್ಯೂಟರಿನಲ್ಲಿ 400 ಪುಟಗಳ ಪಠ್ಯ 400 ಫೈಲುಗಳಾಗಿ ಕೂತಿದೆ. ಇವೆಲ್ಲ ಕನ್ನಡ ವಿಕಿಸೋರ್ಸ್‌ಗೆ ಹೋಗಬೇಕು. ವಿಕಿಪೀಡಿಯಾದ ಸೋದರ ಯೋಜನೆಯಾದ ಇದು ಪುಸ್ತಕಗಳ ಮೂಲಪಠ್ಯವನ್ನು ಯಾರು ಬೇಕಾದರೂ ಓದುವಂತೆ, ಹುಡುಕುವಂತೆ ಇಡುವ ತಾಣ. ಅಲ್ಲಿ ಪುಸ್ತಕದ ಪ್ರತಿ ಪುಟಕ್ಕೂ ಪ್ರತ್ಯೇಕ ವಿಕಿಪುಟ ಇರುತ್ತದೆ. ಎಡಗಡೆ ಪಠ್ಯ, ಬಲಗಡೆ ಸ್ಕ್ಯಾನ್ ಚಿತ್ರ. ಸ್ವಯಂಸೇವಕರು ಎರಡನ್ನೂ ಹೋಲಿಸುತ್ತ ಕರಡು ತಿದ್ದುತ್ತಾರೆ.

ನಾನೂರು ಸಲ ಪುಟ ತೆರೆದು, ಪಠ್ಯ ಅಂಟಿಸಿ, ಉಳಿಸುವ ಗುಂಡಿ ಒತ್ತುವ ಬದಲು ಒಂದು ಸಣ್ಣ ಸ್ಕ್ರಿಪ್ಟ್ ಬರೆಯುವುದು ಸಹಜ. ಅದಕ್ಕೆಂದೇ ವಿಕಿಗಳಲ್ಲಿ ಎಪಿಐ ಇದೆ. ಮನುಷ್ಯರು ಬ್ರೌಸರಿನಲ್ಲಿ ಮಾಡುವ ಕೆಲಸವನ್ನು ಪ್ರೋಗ್ರಾಮುಗಳು ನೇರವಾಗಿ ಸರ್ವರನ್ನು ಕೇಳಿ ಮಾಡಿಸಿಕೊಳ್ಳುವ ಬಾಗಿಲು ಅದು. ವಿಕಿಗಳ ಮಟ್ಟಿಗೆ ಆ ಬಾಗಿಲಿನ ಹೆಸರು `api.php`. ಸ್ಕ್ರಿಪ್ಟ್ ಅಲ್ಲಿಗೆ ಲಾಗಿನ್ ಆಗಿ, ಟೋಕನ್ ಪಡೆದು, `action=edit` ಎಂದು ಪುಟದ ಹೆಸರನ್ನೂ ಪಠ್ಯವನ್ನೂ ಕಳಿಸುತ್ತದೆ. ಪುಟ ಉಳಿಯುತ್ತದೆ. ಹತ್ತು ಸಾಲಿನ ಲೂಪ್ ಬರೆದರೆ 400 ಪುಟಗಳೂ ಹೋಗಬೇಕು.

ಸ್ಕ್ರಿಪ್ಟ್ ಸೆಕೆಂಡಿಗೆ ಎರಡು ಪುಟದಂತೆ ಕಳಿಸುತ್ತ ಮೂರು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಪುಸ್ತಕ ಮುಗಿಸುತ್ತದೆ. ಪರದೆಯ ಮೇಲೆ ಎಲ್ಲೂ ಕೆಂಪು ಅಕ್ಷರ ಇಲ್ಲ. ಆದರೆ ವಿಕಿಸೋರ್ಸ್ ತೆರೆದು ನೋಡಿದರೆ ಮೊದಲ ಎಂಟು ಪುಟಗಳಿವೆ, ಆಮೇಲೆ ದೊಡ್ಡ ಖಾಲಿ. ಮತ್ತೆ 121ನೇ ಪುಟದ ಹತ್ತಿರ ಎಂಟು ಪುಟಗಳು, ಮತ್ತೆ ಖಾಲಿ. ಒಟ್ಟು 32 ಪುಟಗಳು ಮಾತ್ರ ಉಳಿದಿವೆ.

ಈ ಕಿಂಡಿಗಳ ವಿನ್ಯಾಸದಲ್ಲೇ ಉತ್ತರ ಇದೆ. ವಿಕಿಗಳನ್ನು ನಡೆಸುವ ತಂತ್ರಾಂಶದ ಹೆಸರು ಮೀಡಿಯಾವಿಕಿ. ಅದರ ಮೂಲ ಸೆಟ್ಟಿಂಗಿನಲ್ಲಿ ಹೊಸ ಖಾತೆಯೊಂದು 60 ಸೆಕೆಂಡಿಗೆ 8 ಸಂಪಾದನೆಗಳನ್ನಷ್ಟೇ ಮಾಡಬಹುದು. ಇದೇ ರೇಟ್ ಲಿಮಿಟ್. ನಿಮಿಷದ ಆರಂಭಕ್ಕೆ ಕೋಟಾ ಮತ್ತೆ ತುಂಬುತ್ತದೆ ಎಂದು ಲೆಕ್ಕ ಸರಳ ಮಾಡಿಕೊಂಡರೆ, ಸೆಕೆಂಡಿಗೆ ಎರಡರಂತೆ ನಿಮಿಷಕ್ಕೆ 120 ಪುಟ ಕಳಿಸಿದಾಗ ಮೊದಲ 8 ಒಳಗೆ ಹೋಗುತ್ತವೆ, 112 ತಿರಸ್ಕೃತವಾಗುತ್ತವೆ. ನಾಲ್ಕನೆಯ ನಿಮಿಷದ ನಡುವೆ ಫೈಲುಗಳು ಮುಗಿಯುತ್ತವೆ. ನಾಲ್ಕು ಎಂಟಲ 32.

ಖಾತೆ ಹಳೆಯದಾದರೆ ಸ್ಥಿತಿ ಸುಧಾರಿಸುತ್ತದೆ ಎನಿಸಬಹುದು. ನಾಲ್ಕು ದಿನ ಕಳೆದ ಮೇಲೆ ಬಹುತೇಕ ವಿಕಿಗಳಲ್ಲಿ ಖಾತೆ ಹೊಸದರ ಪಟ್ಟಿಯಿಂದ ಹೊರಬರುತ್ತದೆ. ಆಗ ಮೂಲ ಸೆಟ್ಟಿಂಗಿನ ಮಿತಿ ನಿಮಿಷಕ್ಕೆ 90. ನನ್ನ ಪ್ರಕಾರ ಇದು ಇನ್ನೂ ಅಪಾಯದ ಸ್ಥಿತಿ. ಹತ್ತು ಪುಟ ಕಳಿಸಿ ಪರೀಕ್ಷಿಸಿದರೆ ಹತ್ತೂ ಹೋಗುತ್ತವೆ, ಐವತ್ತು ಕಳಿಸಿದರೆ ಐವತ್ತೂ ಹೋಗುತ್ತವೆ. ಪೂರ್ತಿ ಪುಸ್ತಕ ಬಿಟ್ಟಾಗ 91ರಿಂದ 120, 211ರಿಂದ 240, 331ರಿಂದ 360ನೇ ಪುಟಗಳು ಕಾಣೆಯಾಗುತ್ತವೆ. ಮೊದಲ ಪುಟ, ಕೊನೆಯ ಪುಟ ಎರಡೂ ಇರುತ್ತವೆ. ನಡುವೆ 90 ಪುಟ ಇಲ್ಲ ಎಂಬುದು ತಿಂಗಳು ಕಳೆದ ಮೇಲೆ, ಯಾರೋ ಓದುಗರು ಅಧ್ಯಾಯ ಅರ್ಧಕ್ಕೆ ನಿಂತಿದೆ ಎಂದು ಚರ್ಚಾಪುಟದಲ್ಲಿ ಬರೆದಾಗ ಗೊತ್ತಾಗುತ್ತದೆ.

ನಿಮ್ಮ ಖಾತೆಗೆ ಯಾವ ಮಿತಿ ಅನ್ವಯಿಸುತ್ತದೆ ಎಂದು ಊಹಿಸಬೇಕಿಲ್ಲ, ಸರ್ವರನ್ನೇ ಕೇಳಬಹುದು. ಲಾಗಿನ್ ಆದ ಮೇಲೆ ಈ ಪ್ರಶ್ನೆ ಹಾಕಿದರೆ ಯಾವ ಕೆಲಸಕ್ಕೆ ಎಷ್ಟು ಸೆಕೆಂಡಿಗೆ ಎಷ್ಟು ಸಲ ಅವಕಾಶ ಎಂಬ ಪಟ್ಟಿ ಬರುತ್ತದೆ:

```
api.php?action=query&meta=userinfo&uiprop=ratelimits&format=json
```

ಇಲ್ಲ ಎಂದದ್ದು ಕೇಳಿಸಲಿಲ್ಲ ಏಕೆ

ಸರ್ವರ್ 368 ಸಲ ‘ಇಲ್ಲ’ ಎಂದಿತ್ತು. ಸ್ಕ್ರಿಪ್ಟಿಗೆ ಒಂದು ಸಲವೂ ಕೇಳಿಸಲಿಲ್ಲ. ಇದಕ್ಕೆ ಕಾರಣ ಎರಡು ಪದರಗಳ ಉತ್ತರ.

ವೆಬ್ಬಿನ ಪ್ರತಿ ಉತ್ತರಕ್ಕೂ ಒಂದು ಸ್ಥಿತಿಸಂಖ್ಯೆ ಇರುತ್ತದೆ. 200 ಎಂದರೆ ಸರಿ, 404 ಎಂದರೆ ಪುಟ ಸಿಗಲಿಲ್ಲ. ಅತಿಯಾಗಿ ಕೇಳುತ್ತಿದ್ದೀರಿ ಎಂದು ಹೇಳಲೆಂದೇ 429 ಎಂಬ ಸಂಖ್ಯೆ 2012ರಲ್ಲಿ ಆರ್‌ಎಫ್‌ಸಿ 6585 ಎಂಬ ಮಾನದಂಡದ ಮೂಲಕ ಬಂತು. ಅನೇಕ ವೇದಿಕೆಗಳು ಮಿತಿ ಮೀರಿದಾಗ ಇದನ್ನೇ ಕೊಡುತ್ತವೆ. ಆದರೆ ಮೀಡಿಯಾವಿಕಿಯ ಈ ಎಪಿಐ, ಸಂಪಾದನೆಯ ಮಿತಿ ಮೀರಿದಾಗ ಹೊರಗಿನ ಸಂಖ್ಯೆಯಾಗಿ 200 ಕೊಟ್ಟು, ಒಳಗಿನ ಪಠ್ಯದಲ್ಲಿ `ratelimited` ಎಂಬ ದೋಷಸಂಕೇತ ಇಡುತ್ತದೆ. ಕೇಳಿಕೆ ತಲುಪಿತು, ಉತ್ತರ ಕೊಟ್ಟಿದ್ದೇನೆ, ಉತ್ತರ ಮಾತ್ರ ‘ಇಲ್ಲ’ ಎಂಬ ಅರ್ಥ. ಹೊರಗಿನ ಸಂಖ್ಯೆಯನ್ನಷ್ಟೇ ನೋಡುವ ಸ್ಕ್ರಿಪ್ಟ್ ಇದನ್ನು ಯಶಸ್ಸು ಎಂದು ಓದಿಕೊಂಡು ಮುಂದಿನ ಪುಟಕ್ಕೆ ಹೋಗುತ್ತದೆ.

ದೋಷ ಇದೆಯೇ ಎಂದು ಹುಡುಕುವುದೂ ಸಾಲದು. ಹೊಸ ಖಾತೆಯೊಂದು ಹೊರತಾಣದ ಕೊಂಡಿಯಿರುವ ಪಠ್ಯ ಹಾಕಿದಾಗ ಕ್ಯಾಪ್ಚಾ ಬರಬಹುದು. ಆಗ ಉತ್ತರದಲ್ಲಿ `error` ಎಂಬ ಭಾಗವೇ ಇರುವುದಿಲ್ಲ. `edit` ಎಂಬ ಭಾಗದೊಳಗೆ `Failure` ಎಂದಿರುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಕೇಳಬೇಕಾದ ಪ್ರಶ್ನೆ ‘ದೋಷ ಇಲ್ಲವಲ್ಲ?’ ಎಂದಲ್ಲ, ‘ಯಶಸ್ಸು ಎಂದು ಬರೆದಿದೆಯೇ?’ ಎಂದು.

```python
r = S.post(URL, data=data, timeout=60)
j = r.json()
ok = j.get("edit", {}).get("result") == "Success"
```

ಈ ಮೂರು ಸಾಲಿನಲ್ಲೂ ಒಂದು ಎಚ್ಚರ ಬೇಕು. ವಿಕಿಮೀಡಿಯಾದ ಮುಂಬಾಗಿಲಿನಲ್ಲಿರುವ ಯಂತ್ರಗಳು, ಕೇಳಿಕೆ ತೀರಾ ಹೆಚ್ಚಾದರೆ, ವಿಕಿ ತಂತ್ರಾಂಶದವರೆಗೆ ಬಿಡದೆ ತಾವೇ 429 ಕೊಟ್ಟು ಹಿಂದೆ ಕಳಿಸಬಲ್ಲವು. ಆಗ ಬರುವುದು ಜೇಸನ್ ಅಲ್ಲದೆ ಸಾಮಾನ್ಯ ವೆಬ್‌ಪುಟವಾಗಿರಬಹುದು. ಎರಡನೆಯ ಸಾಲು ಅದನ್ನು ಓದಲಾರದೆ ಮುರಿದು ಬೀಳುತ್ತದೆ. ಹಾಗಾಗಿ ಮೊದಲು ಹೊರಗಿನ ಸಂಖ್ಯೆ, ಆಮೇಲೆ ಒಳಗಿನ ಮಾತು, ಈ ಕ್ರಮದಲ್ಲಿ ಎರಡನ್ನೂ ನೋಡಲೇಬೇಕು.

ಎಷ್ಟು ಕಾಯಬೇಕು

ಮತ್ತೆ ಪ್ರಯತ್ನಿಸುವುದು ಎಂದ ಕೂಡಲೇ ಹೆಚ್ಚಿನವರು ಮೊದಲು ಬರೆಯುವುದು ‘ವಿಫಲವಾದರೆ ತಕ್ಷಣ ಇನ್ನೊಮ್ಮೆ ಕಳಿಸು’ ಎಂಬ ಸಾಲು. ಇದು ಎಷ್ಟು ಕೆಟ್ಟ ಸಾಲು ಎಂಬುದನ್ನು ಅಂತರ್ಜಾಲ ತನ್ನ ಎಳವೆಯಲ್ಲೇ ಕಂಡಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಜಾಲದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡೂ ಜಾಗಗಳ ನಡುವೆ ಇದ್ದದ್ದು ಸುಮಾರು 400 ಗಜ. ತಂತಿ ತುಂಡಾಗಿರಲಿಲ್ಲ. ಉತ್ತರ ಬಾರದ ಕಂಪ್ಯೂಟರುಗಳು ಅದೇ ಪೊಟ್ಟಣಗಳನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು, ಆ ಮರುಕಳಿಕೆಯೇ ದಾರಿ ತುಂಬಿ ಹೊಸ ಪೊಟ್ಟಣಗಳಿಗೆ ಜಾಗ ಇಲ್ಲದಂತೆ ಮಾಡಿತ್ತು. ವ್ಯಾನ್ ಜೇಕಬ್ಸನ್ ಇದನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಪರಿಹಾರಗಳು ಇಂದಿಗೂ ಅಂತರ್ಜಾಲವನ್ನು ನಡೆಸುತ್ತಿವೆ. ದಟ್ಟಣೆಯ ಗುರುತು ಕಂಡರೆ ಕಳಿಸುವವರೇ ಹಿಂದೆ ಸರಿಯಬೇಕು ಎಂಬುದು ಅವುಗಳ ತಿರುಳು.

ಹಿಂದೆ ಸರಿಯುವ ಲೆಕ್ಕ ಅದಕ್ಕೂ ಹಳೆಯದು. ಎಪ್ಪತ್ತರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಈಥರ್ನೆಟ್‌ನಲ್ಲಿ ಹಲವು ಕಂಪ್ಯೂಟರುಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಸಂದೇಶಗಳು ಡಿಕ್ಕಿಯಾಗುತ್ತವೆ. ಆಗ ಇಬ್ಬರೂ ಸುಮ್ಮನಾಗಿ, ಬೇರೆ ಬೇರೆ ಹೊತ್ತು ಕಾದು ಮತ್ತೆ ಪ್ರಯತ್ನಿಸಬೇಕು. ಮತ್ತೆ ಡಿಕ್ಕಿಯಾದರೆ ಕಾಯುವಿಕೆಯ ಗರಿಷ್ಠ ಅವಧಿ ಇಮ್ಮಡಿಯಾಗುತ್ತದೆ, ಇನ್ನೊಮ್ಮೆ ಆದರೆ ಅದರ ಇಮ್ಮಡಿ. ಈ ಅವಧಿಯೊಳಗೆ ಎಷ್ಟು ಕಾಯಬೇಕು ಎಂಬುದನ್ನು ಪ್ರತಿ ಕಂಪ್ಯೂಟರೂ ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ಎತರ್ನೆಟ್ ಮಾನದಂಡದಲ್ಲಿ ಹತ್ತು ಸಲದ ನಂತರ ಇಮ್ಮಡಿಸುವುದು ನಿಲ್ಲುತ್ತದೆ, ಹದಿನಾರನೆಯ ಪ್ರಯತ್ನವೂ ಸೋತರೆ ಕೈಬಿಡಲಾಗುತ್ತದೆ.

ಇಮ್ಮಡಿಸುತ್ತ ಹೋಗುವುದು, ಒಂದು ಮೇಲ್ಮಿತಿ, ಚೀಟಿ ಎತ್ತುವ ಯಾದೃಚ್ಛಿಕತೆ, ಕೈಬಿಡುವ ಗಡಿ: ಇಂದು ಎಪಿಐಗಳ ಮುಂದೆ ನಾವು ಮಾಡುವುದೂ ಇವನ್ನೇ. ಯಾದೃಚ್ಛಿಕತೆ ಏಕೆ ಬೇಕು ಎಂಬುದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ವಿಕಿಸೋರ್ಸ್ ಕಾರ್ಯಾಗಾರವೊಂದರಲ್ಲಿ ಇಪ್ಪತ್ತು ಜನ ಒಂದೇ ಸ್ಕ್ರಿಪ್ಟನ್ನು ಓಡಿಸುತ್ತಿದ್ದಾರೆ ಎನ್ನಿ. ಸರ್ವರ್ ಒಂದು ಕ್ಷಣ ತಡವರಿಸಿ ಇಪ್ಪತ್ತೂ ಕೇಳಿಕೆಗಳು ಒಟ್ಟಿಗೆ ಸೋತವು. ಎಲ್ಲರೂ ನಿಖರವಾಗಿ 5 ಸೆಕೆಂಡು ಕಾದರೆ ಇಪ್ಪತ್ತು ಜನರೂ ಅದೇ ಕ್ಷಣಕ್ಕೆ ಮರಳಿ ಬಾಗಿಲು ತಟ್ಟುತ್ತಾರೆ. ಮತ್ತೆ ಸೋತು 10 ಸೆಕೆಂಡು ಕಾದು ಮತ್ತೆ ಒಟ್ಟಿಗೆ ಬರುತ್ತಾರೆ. ಕಾಯುವ ಹೊತ್ತು ಬೆಳೆಯಿತೇ ಹೊರತು ಗುಂಪು ಚದುರಲಿಲ್ಲ. ಅಮೆಜಾನ್‌ನ ಎಂಜಿನಿಯರ್ ಮಾರ್ಕ್ ಬ್ರೂಕರ್ 2015ರಲ್ಲಿ ಇದನ್ನೇ ಅನುಕರಣೆ ಮಾಡಿ ತೋರಿಸಿದರು. ಸೊನ್ನೆಯಿಂದ ಗರಿಷ್ಠದವರೆಗೆ ಯಾವುದೋ ಒಂದು ಹೊತ್ತನ್ನು ಆರಿಸಿಕೊಂಡಾಗ ಸರ್ವರ್‌ಗೆ ಹೋಗುವ ವ್ಯರ್ಥ ಕೇಳಿಕೆಗಳು ಬಹಳ ಕಡಿಮೆಯಾಗುತ್ತವೆ.

(ಕಾರ್ಯಾಗಾರ ನಡೆಸುವವರಿಗೆ ಇನ್ನೊಂದು ಮಿತಿಯೂ ಎದುರಾಗುತ್ತದೆ. ವಿಕಿಮೀಡಿಯಾ ತಾಣಗಳಲ್ಲಿ ಒಂದೇ ಐಪಿ ವಿಳಾಸದಿಂದ ದಿನಕ್ಕೆ 6 ಹೊಸ ಖಾತೆಗಳನ್ನಷ್ಟೇ ತೆರೆಯಬಹುದು. ಕಾಲೇಜಿನ ವೈಫೈ ಹಿಡಿದು ಕೂತ ಏಳನೆಯ ವಿದ್ಯಾರ್ಥಿಗೆ ಖಾತೆ ಸಿಗುವುದಿಲ್ಲ. ಇದು ಕಾದರೆ ಬಗೆಹರಿಯುವ ವಿಷಯವಲ್ಲ. ಮುಂಚಿತವಾಗಿ ವಿನಾಯಿತಿ ಕೇಳಿಕೊಳ್ಳಬೇಕು, ಇಲ್ಲವೇ ಮನೆಯಿಂದಲೇ ಖಾತೆ ತೆರೆದು ಬರಲು ಹೇಳಬೇಕು.)

ಇಷ್ಟು ತಿಳಿದವರು ಇಮ್ಮಡಿಸುವ ಕಾಯುವಿಕೆಯನ್ನು ಎಲ್ಲ ಸೋಲಿಗೂ ಅನ್ವಯಿಸಿಬಿಡುತ್ತಾರೆ. ಅಲ್ಲಿ ನಾನು ಒಪ್ಪುವುದಿಲ್ಲ. ‘ಇಲ್ಲ’ಗಳಲ್ಲಿ ಹಲವು ಬಗೆ ಇವೆ, ಒಂದೊಂದಕ್ಕೂ ಒಂದೊಂದು ಕಾಯುವಿಕೆ.

`ratelimited` ಬಂತು ಎಂದರೆ ಕಾರಣ ಗೊತ್ತಿದೆ, ಅವಧಿಯೂ ಗೊತ್ತಿದೆ. 60 ಸೆಕೆಂಡಿನ ಕೋಟಾ ಮುಗಿದಿದೆ. ಇಲ್ಲಿ ಐದು, ಹತ್ತು, ಇಪ್ಪತ್ತು ಸೆಕೆಂಡಿಗೊಮ್ಮೆ ಕೇಳಿ ನೋಡುವುದರಲ್ಲಿ ಅರ್ಥವಿಲ್ಲ. ಅಷ್ಟೂ ಸಲ ಉತ್ತರ ಒಂದೇ. ಒಂದು ನಿಮಿಷ, ಅದರ ಮೇಲೆ ಕೆಲವು ಯಾದೃಚ್ಛಿಕ ಸೆಕೆಂಡು ಸುಮ್ಮನಿದ್ದು ಒಂದು ಸಲ ಕೇಳಿದರೆ ಸಾಕು. ಅದಕ್ಕಿಂತ ಒಳ್ಳೆಯದು ಆ ಉತ್ತರವೇ ಬಾರದಂತೆ ನಡೆದುಕೊಳ್ಳುವುದು. ನಿಮಿಷಕ್ಕೆ 8 ಎಂದರೆ ಏಳೂವರೆ ಸೆಕೆಂಡಿಗೊಂದು ಪುಟ. ಎಂಟು ಸೆಕೆಂಡಿಗೊಂದರಂತೆ ಕಳಿಸಿದರೆ 400 ಪುಟಗಳಿಗೆ 3,200 ಸೆಕೆಂಡು, ಅಂದರೆ 53 ನಿಮಿಷ ಚಿಲ್ಲರೆ. ವಿಕಿ ಬಾಟ್‌ಗಳನ್ನು ಬರೆಯುವವರು ಹೆಚ್ಚಾಗಿ ಬಳಸುವ ಪೈವಿಕಿಬಾಟ್ ಎಂಬ ಪೈಥಾನ್ ಸಾಧನ ಇದಕ್ಕಿಂತಲೂ ತಾಳ್ಮೆಯದು. ತಾನಾಗಿಯೇ ಎರಡು ಉಳಿಕೆಗಳ ನಡುವೆ 10 ಸೆಕೆಂಡು ಬಿಡುತ್ತದೆ. ಅದರ ಲೆಕ್ಕದಲ್ಲಿ ಪುಸ್ತಕ ಮುಗಿಯಲು ಸುಮಾರು ಒಂದು ಗಂಟೆ ಏಳು ನಿಮಿಷ. ಈ ಗಂಟೆಯನ್ನು ಉಳಿಸಲು ಹೋಗುವವರು ಮುಂದಿನ ಕೆಲಸವನ್ನು ನೆನೆಯಬೇಕು. ಹೀಗೆ ಹೋದ ಪುಟಗಳೆಲ್ಲ ಇನ್ನೂ ಕರಡು ತಿದ್ದಿಲ್ಲ ಎಂಬ ಕೆಂಪು ಗುರುತಿನಲ್ಲಿರುತ್ತವೆ. ಯಾರಾದರೂ ಕೂತು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಖಚಿತಪಡಿಸಿದ ಮೇಲೆ ಹಸಿರು. ಒಸಿಆರ್ ಒತ್ತಕ್ಷರಗಳಲ್ಲಿ ಮಾಡುವ ಎಡವಟ್ಟುಗಳನ್ನು ಸರಿಪಡಿಸುತ್ತ 400 ಪುಟ ಹಸಿರಾಗಲು ವಾರಗಳೋ ತಿಂಗಳುಗಳೋ ಬೇಕು.

ಎರಡನೆಯ ಬಗೆಯ ‘ಇಲ್ಲ’ ನಿಮ್ಮ ಕೋಟಾಕ್ಕೆ ಸಂಬಂಧಿಸಿದ್ದಲ್ಲ. ವಿಕಿಯ ದತ್ತಾಂಶ ಒಂದು ಮುಖ್ಯ ಡೇಟಾಬೇಸ್ ಸರ್ವರಿನಲ್ಲಿ ಬರೆಯಲ್ಪಟ್ಟು, ಅಲ್ಲಿಂದ ಹಲವು ಪ್ರತಿ ಸರ್ವರುಗಳಿಗೆ ನಕಲಾಗುತ್ತದೆ. ಓದುಗರಿಗೆ ಪುಟ ಕೊಡುವುದು ಈ ಪ್ರತಿಗಳು. ಬರೆಯುವ ಭಾರ ಹೆಚ್ಚಾದಾಗ ಪ್ರತಿಗಳು ಕೆಲವು ಸೆಕೆಂಡು ಹಿಂದೆ ಬೀಳುತ್ತವೆ, ಆಗಷ್ಟೇ ಉಳಿಸಿದ ಬದಲಾವಣೆ ಓದುಗರಿಗೆ ಕಾಣುವುದಿಲ್ಲ. ಮೀಡಿಯಾವಿಕಿಯ ಸೊಗಸಾದ ಏರ್ಪಾಡು ಇಲ್ಲಿದೆ. ಸ್ಕ್ರಿಪ್ಟ್ ತನ್ನ ಕೇಳಿಕೆಯ ಜೊತೆ `maxlag=5` ಎಂದು ಸೇರಿಸಿ ಕಳಿಸಬಹುದು. ಪ್ರತಿಗಳು 5 ಸೆಕೆಂಡಿಗಿಂತ ಹಿಂದೆ ಬಿದ್ದಿದ್ದರೆ ನನ್ನ ಕೆಲಸ ಮಾಡಬೇಡ, ಮನುಷ್ಯರ ಕೆಲಸ ಮೊದಲು ಆಗಲಿ, ನಾನು ಆಮೇಲೆ ಬರುತ್ತೇನೆ ಎಂದು ಸ್ಕ್ರಿಪ್ಟೇ ಹೇಳಿದಂತೆ. ಆಗ ಸರ್ವರ್ `maxlag` ಎಂಬ ದೋಷಸಂಕೇತದ ಜೊತೆ, ಯಾವ ಸರ್ವರ್ ಎಷ್ಟು ಸೆಕೆಂಡು ಹಿಂದಿದೆ ಎಂಬುದನ್ನೂ, `Retry-After` ಎಂಬ ಹೆಡರಿನಲ್ಲಿ ಕನಿಷ್ಠ ಎಷ್ಟು ಕಾಯಬೇಕು ಎಂಬುದನ್ನೂ ಬರೆದು ಕಳಿಸುತ್ತದೆ. ಯಾರೂ ಒತ್ತಾಯಿಸದ ಈ ಸೌಜನ್ಯವನ್ನು ಪೈವಿಕಿಬಾಟ್ ತಾನಾಗಿಯೇ ಪಾಲಿಸುತ್ತದೆ. ಸ್ವಂತ ಸ್ಕ್ರಿಪ್ಟ್ ಬರೆಯುವವರೂ ಈ ಒಂದು ಪದವನ್ನು ಮರೆಯಬಾರದು.

ಕಾರಣ ತಿಳಿಯದ ಸೋಲುಗಳು ಮೂರನೆಯ ಬಗೆ. 500ರ ಸರಣಿಯ ಸಂಖ್ಯೆಗಳು, ಸಂಪರ್ಕ ಕಡಿದುಹೋಗುವುದು, 429 ಬಂದು ಅದರ ಜೊತೆ ಕಾಯುವ ಹೊತ್ತು ಬರದಿರುವುದು, ಇವೆಲ್ಲ ಇಲ್ಲಿ ಸೇರುತ್ತವೆ. ಇಮ್ಮಡಿಸುವ ಕಾಯುವಿಕೆ ನಿಜಕ್ಕೂ ಬೇಕಾಗುವುದು ಈ ಜಾಗಕ್ಕೆ, ಯಾಕೆಂದರೆ ತೊಂದರೆ ಎರಡು ಸೆಕೆಂಡಿನದೋ ಎರಡು ಗಂಟೆಯದೋ ನಮಗೆ ಗೊತ್ತಿಲ್ಲ.

```python
def wait_time(n, retry_after=0):
    return retry_after + random.uniform(0, min(120, 5 * 2**n))
```

ಇಲ್ಲಿ `n` ಎಷ್ಟನೆಯ ಸೋಲು ಎಂಬುದು, ಸೊನ್ನೆಯಿಂದ ಶುರು. ಗರಿಷ್ಠ ಕಾಯುವಿಕೆ 5, 10, 20, 40, 80 ಸೆಕೆಂಡು ಎಂದು ಬೆಳೆದು 120ಕ್ಕೆ ನಿಲ್ಲುತ್ತದೆ. ಸರ್ವರ್ ತಾನೇ ಒಂದು ಹೊತ್ತು ಹೇಳಿದ್ದರೆ ಅದಕ್ಕಿಂತ ಮುಂಚೆ ಎಂದೂ ಹೋಗುವುದಿಲ್ಲ, ಯಾದೃಚ್ಛಿಕ ಭಾಗ ಅದರ ಮೇಲೆ ಸೇರುತ್ತದೆ. ಮಾನದಂಡದ ಪ್ರಕಾರ `Retry-After` ಸೆಕೆಂಡುಗಳ ಸಂಖ್ಯೆಯಾಗಿಯೂ ಇರಬಹುದು, ತಾರೀಖು ಮತ್ತು ವೇಳೆಯಾಗಿಯೂ ಇರಬಹುದು. ಎರಡನೆಯದನ್ನು ನಿರೀಕ್ಷಿಸದ ಸ್ಕ್ರಿಪ್ಟುಗಳು ಅಲ್ಲೇ ಕುಸಿಯುತ್ತವೆ. ಆದ್ದರಿಂದ ಈ ಸಾಲಿಗೆ ಕೊಡುವ ಮುನ್ನ ಅದನ್ನು ಸೆಕೆಂಡಿಗೆ ಪರಿವರ್ತಿಸಿಕೊಳ್ಳಬೇಕು. ಎಂಟು ಹತ್ತು ಸಲ ಸೋತ ಮೇಲೆ ಆ ಪುಟವನ್ನು ಬಾಕಿ ಪಟ್ಟಿಗೆ ಬರೆದು, ಇಡೀ ಸ್ಕ್ರಿಪ್ಟನ್ನೇ ನಿಲ್ಲಿಸುವುದು ಒಳ್ಳೆಯದು. ಒಂದು ಪುಟಕ್ಕೆ ಅಷ್ಟು ಸಲ ಬಾಗಿಲು ತೆರೆಯದಿದ್ದರೆ ಮುಂದಿನ ಪುಟಕ್ಕೂ ತೆರೆಯುವ ಸಾಧ್ಯತೆ ಕಡಿಮೆ.

ಇನ್ನು, ಕಾಯುವುದರಿಂದ ಎಂದೂ ಬದಲಾಗದ ಉತ್ತರಗಳಿವೆ. ಖಾತೆಯನ್ನು ನಿರ್ಬಂಧಿಸಲಾಗಿದೆ, ಪುಟ ಸಂರಕ್ಷಿತವಾಗಿದೆ, ದುರ್ಬಳಕೆ ತಡೆಯುವ ಸೋಸುಕ ಈ ಪಠ್ಯವನ್ನು ಬೇಡ ಎಂದಿದೆ. ಇವನ್ನು ಮತ್ತೆ ಕಳಿಸಿದಷ್ಟೂ ನೀವು ಗೂಂಡಾಗಿರಿ ಮಾಡುವ ಯಂತ್ರದಂತೆ ಕಾಣುತ್ತೀರಿ. ಅಲ್ಲಿ ನಿಂತು ಮನುಷ್ಯರೊಡನೆ ಮಾತಾಡಬೇಕು. `badtoken` ಮಾತ್ರ ಇದಕ್ಕೆ ಅಪವಾದ. ಹೊಸ ಟೋಕನ್ ಪಡೆದು ಒಂದೇ ಒಂದು ಸಲ ಮತ್ತೆ ಕಳಿಸಬಹುದು. `readonly` ಬಂದರೆ ಇಡೀ ವಿಕಿಯೇ ಓದಲು ಮಾತ್ರ ತೆರೆದಿದೆ ಎಂದರ್ಥ. ವಿಕಿಮೀಡಿಯಾ ಪ್ರತಿಷ್ಠಾನ ತನ್ನ ಕೆಲಸವನ್ನು ಒಂದು ದತ್ತಾಂಶ ಕೇಂದ್ರದಿಂದ ಇನ್ನೊಂದಕ್ಕೆ ಬದಲಿಸಿ ಪರೀಕ್ಷಿಸುವಾಗ ಹೀಗೆ ಸ್ವಲ್ಪ ಹೊತ್ತು ಬರವಣಿಗೆ ನಿಲ್ಲುತ್ತದೆ. ಕೆಲವು ನಿಮಿಷ ಬಿಟ್ಟು ನೋಡಿದರೆ ಸರಿಹೋಗಿರುತ್ತದೆ.

ಹೋಯಿತೋ ಇಲ್ಲವೋ

ಎಲ್ಲಕ್ಕಿಂತ ಕಷ್ಟದ ಸೋಲು ಟೈಮ್‌ಔಟ್. ಪುಟ ಕಳಿಸಿದಿರಿ, 60 ಸೆಕೆಂಡು ಕಾದಿರಿ, ಉತ್ತರ ಬರಲಿಲ್ಲ. ಕೇಳಿಕೆ ದಾರಿಯಲ್ಲೇ ಕಳೆದುಹೋಗಿರಬಹುದು. ಇಲ್ಲವೇ ಪುಟ ಉಳಿದು, ‘ಆಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಹೊರಗೆ ನಿಂತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮತ್ತೆ ಕಳಿಸದಿದ್ದರೆ ಪುಟ ಇಲ್ಲದೇ ಹೋಗಬಹುದು, ಕಳಿಸಿದರೆ ಎರಡು ಸಲ ಆಗಬಹುದು.

ಎರಡು ಸಲ ಆದರೆ ಏನಾಗುತ್ತದೆ ಎಂಬುದು ನೀವು ಏನು ಕೇಳಿದಿರಿ ಎಂಬುದರ ಮೇಲೆ ನಿಂತಿದೆ. ವಿಕಿಯ ಎಪಿಐಯಲ್ಲಿ ಪಠ್ಯ ಕೊಡಲು ಬೇರೆ ಬೇರೆ ದಾರಿಗಳಿವೆ. `text` ಎಂದು ಕೊಟ್ಟರೆ ಪುಟದ ಪೂರ್ತಿ ಪಠ್ಯ ಇದೇ ಆಗಿರಲಿ ಎಂದರ್ಥ. ಅದನ್ನೇ ಎರಡನೆಯ ಸಲ ಕಳಿಸಿದರೂ ಪುಟ ಹಾಗೆಯೇ ಇರುತ್ತದೆ. ಸರ್ವರ್ `Success` ಎನ್ನುತ್ತ ಜೊತೆಗೆ `nochange` ಎಂಬ ಗುರುತನ್ನು ಇಡುತ್ತದೆ, ಇತಿಹಾಸದಲ್ಲಿ ಹೊಸ ಆವೃತ್ತಿ ಸೇರುವುದಿಲ್ಲ. `appendtext` ಎಂದು ಕೊಟ್ಟರೆ ಇದ್ದ ಪಠ್ಯದ ಕೊನೆಗೆ ಇದನ್ನು ಸೇರಿಸು ಎಂದರ್ಥ. ಅದು ಎರಡು ಸಲ ಹೋದರೆ ಒಂದೇ ಪುಟದಲ್ಲಿ ಪಠ್ಯ ಎರಡು ಬಾರಿ ಕೂರುತ್ತದೆ. ದೊಡ್ಡ ಪ್ರಮಾಣದಲ್ಲಿ ಪ್ರಕಟಿಸುವಾಗ ಮರುಪ್ರಯತ್ನಕ್ಕೆ ಹೆದರಬೇಕಿಲ್ಲದ ಮೊದಲ ದಾರಿಯನ್ನೇ ಆರಿಸಿಕೊಳ್ಳಬೇಕು.

ಆದರೆ ಪೂರ್ತಿ ಪಠ್ಯ ಕೊಡುವುದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಮೊದಲ ಸಲ ಪುಟ ಉಳಿದಿತ್ತು, ಉತ್ತರ ಮಾತ್ರ ಕಳೆದಿತ್ತು ಎಂದುಕೊಳ್ಳಿ. ನಿಮ್ಮ ಸ್ಕ್ರಿಪ್ಟ್ ಎರಡು ನಿಮಿಷ ಕಾಯುವಷ್ಟರಲ್ಲಿ ಉತ್ಸಾಹಿ ಸ್ವಯಂಸೇವಕಿಯೊಬ್ಬರು ಆ ಪುಟ ಕಂಡು ನಾಲ್ಕು ತಪ್ಪು ತಿದ್ದಿ ಉಳಿಸುತ್ತಾರೆ. ಈಗ ನಿಮ್ಮ ಮರುಪ್ರಯತ್ನ ಹಳೆಯ ಪಠ್ಯವನ್ನು ಅದರ ಮೇಲೆ ಬರೆದು ಅವರ ಕೆಲಸ ಅಳಿಸುತ್ತದೆ. ಇದನ್ನು ತಡೆಯಲು ಕೇಳಿಕೆಗೆ `createonly` ಸೇರಿಸಬೇಕು. ಪುಟ ಇಲ್ಲದಿದ್ದರೆ ಮಾತ್ರ ಸೃಷ್ಟಿಸು ಎಂಬುದು ಅದರ ಅರ್ಥ. ಪುಟ ಆಗಲೇ ಇದ್ದರೆ `articleexists` ಎಂಬ ಉತ್ತರ ಬರುತ್ತದೆ. ಟೈಮ್‌ಔಟ್ ಆದ ಮೇಲಿನ ಪ್ರಯತ್ನದಲ್ಲಿ ಈ ಉತ್ತರ ಬಂದರೆ ಹೆಚ್ಚಾಗಿ ಅದು ಒಳ್ಳೆಯ ಸುದ್ದಿ, ಮೊದಲ ಸಲವೇ ಕೆಲಸ ಆಗಿತ್ತು. ಬೇರೆ ಯಾರೋ ಮೊದಲೇ ಸೃಷ್ಟಿಸಿದ್ದೂ ಇರಬಹುದು. ಆದ್ದರಿಂದ ಪುಟದ ಇತಿಹಾಸದ ಮೊದಲ ಆವೃತ್ತಿ ನಿಮ್ಮ ಖಾತೆಯದೇ ಎಂದು ನೋಡಿ ಮುಂದೆ ಹೋಗಬೇಕು.

ಇದೆಲ್ಲದರ ಜೊತೆ ಒಂದು ಲೆಕ್ಕದ ಫೈಲು ಬೇಕು. ಪುಟದ ಹೆಸರು, ಕಳಿಸಿದ ವೇಳೆ, ಬಂದ ಉತ್ತರ, ಯಶಸ್ವಿಯಾದರೆ ಸರ್ವರ್ ಕೊಟ್ಟ ಆವೃತ್ತಿ ಸಂಖ್ಯೆ, ಇಷ್ಟನ್ನು ಪ್ರತಿ ಉತ್ತರ ಬಂದ ಕೂಡಲೇ ಡಿಸ್ಕಿಗೆ ಬರೆಯಬೇಕು. ಕೊನೆಗೆ ಒಟ್ಟಿಗೆ ಬರೆಯೋಣ ಎಂದು ಬಿಟ್ಟರೆ, 217ನೇ ಪುಟದಲ್ಲಿ ಕರೆಂಟು ಹೋದಾಗ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುವುದಿಲ್ಲ. ಫೈಲಿದ್ದರೆ ಸ್ಕ್ರಿಪ್ಟನ್ನು ಮತ್ತೆ ಓಡಿಸಿದಾಗ ಅದು ಮುಗಿದ ಪುಟಗಳನ್ನು ಬಿಟ್ಟು ಉಳಿದವನ್ನಷ್ಟೇ ಹಿಡಿಯುತ್ತದೆ.

ಮಿತಿಯನ್ನು ದಾಟಲು ನಾಲ್ಕು ಖಾತೆ ತೆರೆಯುವುದು, ನಾಲ್ಕು ಕೇಳಿಕೆಗಳನ್ನು ಸಮಾನಾಂತರವಾಗಿ ಬಿಡುವುದು, ಐಪಿ ಬದಲಿಸುವುದು ಎಂಬ ಉಪಾಯಗಳನ್ನು ಕೆಲವರು ಹೇಳಿಕೊಡುತ್ತಾರೆ. ಇದು ಮರುಪ್ರಯತ್ನ ಅಲ್ಲ, ತಪ್ಪಿಸಿಕೊಳ್ಳುವಿಕೆ. ವಿಕಿಮೀಡಿಯಾ ಎಪಿಐಯ ಶಿಷ್ಟಾಚಾರ ಸ್ಪಷ್ಟವಾಗಿದೆ: ಒಂದು ಕೇಳಿಕೆಗೆ ಉತ್ತರ ಬಂದ ಮೇಲೆ ಇನ್ನೊಂದು ಕಳಿಸಿ, `User-Agent` ಹೆಡರಿನಲ್ಲಿ ನಿಮ್ಮ ಬಾಟ್ ಹೆಸರನ್ನೂ ನಿಮ್ಮನ್ನು ಸಂಪರ್ಕಿಸುವ ದಾರಿಯನ್ನೂ ಬರೆಯಿರಿ. ಸರ್ವರ್ ನೋಡಿಕೊಳ್ಳುವವರಿಗೆ ತೊಂದರೆ ಕಂಡಾಗ ಹೆಸರಿಲ್ಲದ ಸ್ಕ್ರಿಪ್ಟನ್ನು ತಡೆಹಿಡಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹೆಸರಿದ್ದರೆ ಒಂದು ಮಾತು ಹೇಳಿ ನೋಡಬಹುದು. ಆ ಮಾತು ನಿಮ್ಮ ಚರ್ಚಾಪುಟಕ್ಕೆ ಬರಬಹುದು. ಈ ಮೊದಲು ಮಿತಿ ಕೇಳಿದ `userinfo` ಪ್ರಶ್ನೆಯಲ್ಲೇ `uiprop=hasmsg` ಎಂದು ಕೇಳಿದರೆ ಹೊಸ ಸಂದೇಶ ಇದೆಯೇ ಎಂಬುದು ತಿಳಿಯುತ್ತದೆ. ಇದ್ದರೆ ಸ್ಕ್ರಿಪ್ಟ್ ತಾನಾಗಿಯೇ ನಿಲ್ಲುವಂತೆ ಒಂದು ಸಾಲು ಸೇರಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲ ಗಣಿತಕ್ಕಿಂತ ದೊಡ್ಡ ಮರ್ಯಾದೆ.

ಹೆಚ್ಚು ಪುಸ್ತಕಗಳಿದ್ದರೆ ಸರಿಯಾದ ದಾರಿಯೂ ಇದೆ. ಸಮುದಾಯದ ಮುಂದೆ ಏನು ಹಾಕುತ್ತೇನೆ, ಯಾವ ವೇಗದಲ್ಲಿ, ಯಾವ ಖಾತೆಯಿಂದ ಎಂದು ಬರೆದು ಬಾಟ್ ಮಾನ್ಯತೆ ಕೇಳುವುದು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದಂಥ ಸಂದರ್ಭಗಳಲ್ಲಿ ಬರುವ ಪುಟಗಳು ಸಾವಿರಗಟ್ಟಲೆ. ಬಾಟ್ ಗುರುತಿನ ಖಾತೆಗೆ ಸಂಪಾದನೆಯ ರೇಟ್ ಲಿಮಿಟ್ ತಟ್ಟುವುದಿಲ್ಲ, ‘ಇತ್ತೀಚೆಗಿನ ಬದಲಾವಣೆಗಳು’ ಪಟ್ಟಿಯಲ್ಲೂ ಅದರ ಸಂಪಾದನೆಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಕನ್ನಡದಂಥ ಸಣ್ಣ ವಿಕಿಯಲ್ಲಿ ಈ ಎರಡನೆಯದು ಮುಖ್ಯ. ಆ ಪಟ್ಟಿಯನ್ನು ದಿನವೂ ನೋಡಿ ಕಿಡಿಗೇಡಿತನ ಹಿಡಿಯುವವರು ಕೆಲವೇ ಜನ. ಒಂದು ಗಂಟೆಯಲ್ಲಿ 400 ಸಾಲು ಅಲ್ಲಿ ಸುರಿದರೆ ಅವರಿಗೆ ಬೇರೇನೂ ಕಾಣುವುದಿಲ್ಲ. ಮಿತಿ ತಟ್ಟದಿದ್ದರೂ `maxlag` ಮಾತ್ರ ಬಾಟ್‌ಗೂ ಬಿಡುವಂತಿಲ್ಲ.

ಸ್ಕ್ರಿಪ್ಟ್ ಮುಗಿಯಿತು ಎಂದ ಮೇಲೆ ಕೊನೆಯ ಪರೀಕ್ಷೆ ಲೆಕ್ಕದ ಫೈಲಿನದಲ್ಲ, ವಿಕಿಯದು. `action=query` ಎಂದು ಪುಟಗಳ ಹೆಸರನ್ನು ಕೊಟ್ಟು, ಇವು ಇವೆಯೇ ಎಂದು ಕೇಳಬಹುದು. ಸಾಮಾನ್ಯ ಖಾತೆಗೆ ಒಂದು ಕೇಳಿಕೆಯಲ್ಲಿ 50 ಹೆಸರುಗಳಿಗೆ ಅವಕಾಶ. ಹಾಗಾಗಿ 400 ಪುಟಗಳ ಪುಸ್ತಕಕ್ಕೆ ಎಂಟೇ ಕೇಳಿಕೆ ಸಾಕು. ಇಲ್ಲದ ಪುಟದ ಮುಂದೆ `missing` ಎಂದು ಬರುತ್ತದೆ. ಆ ಹೆಸರುಗಳಷ್ಟನ್ನೇ ಬಾಕಿ ಪಟ್ಟಿಗೆ ಹಾಕಿ, ಎಂಟು ಸೆಕೆಂಡಿಗೊಂದರಂತೆ ಇನ್ನೊಮ್ಮೆ ಕಳಿಸಿ, ಅವೇ ಎಂಟು ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಎಲ್ಲೂ `missing` ಬಾರದಿದ್ದಾಗ ಪುಸ್ತಕ ಪೂರ್ತಿ ಹೋಗಿದೆ.